ಗೃಹಸಾಲ: ಸ್ಥಿರ ಬಡ್ಡಿಯೋ, ಬದಲಾಗುವ ಬಡ್ಡಿಯೋ? ಸಹಿ ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಮೊದಲ ಮನೆಗೆ ಸಾಲ ತೆಗೆದುಕೊಂಡಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದು ಫಿಕ್ಸೆಡ್ ತಾನೆ?" ಎದುರಿಗಿದ್ದವರು ಹೌದೆಂದರು, ನಾನು ಸಹಿ ಹಾಕಿದೆ. ಮೂರು ವರ್ಷ ಕಳೆದ ಮೇಲೆ ಬಡ್ಡಿ ಏರಿಸಿರುವುದಾಗಿ ಒಂದು ಪತ್ರ ಬಂತು. ಕಪಾಟಿನಲ್ಲಿದ್ದ ಕರಾರನ್ನು ತೆಗೆದು ನೋಡಿದರೆ ಹದಿನಾಲ್ಕನೆಯ ಪುಟದಲ್ಲಿ, ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಮರುಪರಿಶೀಲಿಸುವ ಹಕ್ಕು ಸಾಲ ಕೊಟ್ಟವರಿಗೆ ಇದೆ ಎಂಬ ಸಾಲು ಸಣ್ಣ ಅಕ್ಷರದಲ್ಲಿತ್ತು. ಅವರು ಸುಳ್ಳು ಹೇಳಿರಲಿಲ್ಲ, ನಾನು ಪೂರ್ತಿ ಕೇಳಿರಲಿಲ್ಲ. ಅಂದಿನಿಂದ ನೆಂಟರಿಷ್ಟರಲ್ಲಿ ಯಾರೇ ಗೃಹಸಾಲ ಮಾಡಿದರೂ ಕಾಗದ ಹಿಡಿದು ಅವರ ಜೊತೆ ಕೂರುವುದು ನನ್ನ ರೂಢಿಯಾಗಿದೆ. ಇತ್ತೀಚೆಗೆ ಮೈಸೂರಿನಲ್ಲಿ ಫ್ಲ್ಯಾಟ್ ಕೊಂಡ ಅಣ್ಣನ ಮಗಳ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ಅವಳಿಗೆ ಬೇಕಾಗಿದ್ದುದು 20 ವರ್ಷಕ್ಕೆ 40 ಲಕ್ಷ ರೂಪಾಯಿ. ಮುಂದಿದ್ದ ಆಯ್ಕೆಗಳು ಎರಡು: ಶೇ 7.75ರ ಬದಲಾಗುವ ಬಡ್ಡಿ, ಅಥವಾ ಕೊನೆಯವರೆಗೂ ಶೇ 9.25ರ ಸ್ಥಿರ ಬಡ್ಡಿ. ಅವಳು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ: "ಚಿಕ್ಕಪ್ಪ, ಮುಂದೆ ಬಡ್ಡಿ ಏರುತ್ತದೋ ಇಳಿಯುತ್ತದೋ?"

ಈ ಪ್ರಶ್ನೆಗೆ ಖಚಿತ ಉತ್ತರ ಯಾರ ಬಳಿಯೂ ಇಲ್ಲ. 2008ರ ಅಕ್ಟೋಬರ್ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ, ಶೇ 9 ಇತ್ತು, 2009ರ ಏಪ್ರಿಲ್ ಹೊತ್ತಿಗೆ 4.75ಕ್ಕೆ ಬಂದಿತ್ತು. 2020ರ ಮೇ ತಿಂಗಳಲ್ಲಿ 4ಕ್ಕೆ ಇಳಿದು ಎರಡು ವರ್ಷ ಅಲ್ಲೇ ನಿಂತಿತು. ನಂತರ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ, ಅಂದರೆ ಹತ್ತೇ ತಿಂಗಳಲ್ಲಿ, 6.5ಕ್ಕೆ ಏರಿತು. ಎರಡು ವರ್ಷ ಹಾಗೇ ಇದ್ದು 2025ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಡಿಸೆಂಬರ್‌ನಲ್ಲಿ 5.25ಕ್ಕೆ ಬಂತು. ಇಪ್ಪತ್ತು ವರ್ಷದ ಸಾಲಕ್ಕೆ ಇಂಥ ಏರಿಳಿತ ಎರಡು ಮೂರು ಸಲವಾದರೂ ಎದುರಾಗುತ್ತದೆ. ಆದ್ದರಿಂದ ದಿಕ್ಕನ್ನು ಊಹಿಸುವ ಬದಲು ಬೇರೆಯದೇ ಪ್ರಶ್ನೆ ಕೇಳಿಕೊಳ್ಳಬೇಕು: ಬಡ್ಡಿ ಎಷ್ಟು ಏರಿದರೆ, ಎಷ್ಟು ಬೇಗ ಏರಿದರೆ, ಸ್ಥಿರ ಬಡ್ಡಿ ತೆಗೆದುಕೊಂಡಿದ್ದೇ ಲಾಭವಾಗಿತ್ತು ಎನಿಸುತ್ತದೆ? ಇದಕ್ಕೆ ಉತ್ತರ ಇದೆ, ಮತ್ತು ಅದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ಮೊದಲ ಹೆಜ್ಜೆ: ಕೊಡುತ್ತಿರುವುದು ಯಾವ ಸಾಲ ಎಂದು ತಿಳಿದುಕೊಳ್ಳಿ

"ಫಿಕ್ಸೆಡ್" ಎಂಬ ಒಂದು ಪದದ ಕೆಳಗೆ ಮೂರು ಬಗೆಯ ಸಾಲಗಳು ಬರುತ್ತವೆ. ಒಂದರಲ್ಲಿ ಸಾಲ ತೀರುವವರೆಗೂ ಬಡ್ಡಿ ಬದಲಾಗುವುದಿಲ್ಲ. ಇನ್ನೊಂದರಲ್ಲಿ ಎರಡೋ ಮೂರೋ ಐದೋ ವರ್ಷ ಮಾತ್ರ ಸ್ಥಿರವಾಗಿದ್ದು, ಆಮೇಲೆ ಬದಲಾಗುವ ಬಡ್ಡಿಗೆ ತಾನಾಗಿ ಹೊರಳುತ್ತದೆ. ಮೂರನೆಯದು ನನಗೆ ಸಿಕ್ಕಂಥದ್ದು: ಹೆಸರಿಗೆ ಸ್ಥಿರ, ಒಳಗೆ ಮರುಪರಿಶೀಲನೆಯ ಷರತ್ತು. ಹೀಗಾಗಿ ಬಾಯಿ ಮಾತಿನಲ್ಲಿ "ಫಿಕ್ಸೆಡ್ ತಾನೆ?" ಎಂದು ಕೇಳಬೇಡಿ. "ಎಷ್ಟನೆಯ ಕಂತಿನವರೆಗೆ ಫಿಕ್ಸೆಡ್? ಆಮೇಲೆ ಯಾವ ದರ? ನಡುವೆ ಬದಲಿಸುವ ಹಕ್ಕು ನಿಮಗಿದೆಯೇ?" ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆಯಿರಿ.

ಬದಲಾಗುವ ಬಡ್ಡಿಯಲ್ಲೂ ಎರಡು ಬಗೆಯಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಗೃಹಸಾಲದ ಬದಲಾಗುವ ಬಡ್ಡಿಯನ್ನು ಹೊರಗಿನ ಒಂದು ಮಾನದಂಡಕ್ಕೆ ಜೋಡಿಸಲೇಬೇಕು. ಬಹುತೇಕ ಬ್ಯಾಂಕುಗಳು ರೆಪೊ ದರಕ್ಕೇ ಜೋಡಿಸಿವೆ. ಅದರ ಮೇಲೆ ಬ್ಯಾಂಕು ತನ್ನ ಪಾಲನ್ನು ಸೇರಿಸುತ್ತದೆ, ಅದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ರೆಪೊ 5.25, ಸ್ಪ್ರೆಡ್ 2.50, ಒಟ್ಟು 7.75. ರೆಪೊ ಬದಲಾದರೆ ಮೂರು ತಿಂಗಳೊಳಗೆ ನಿಮ್ಮ ಬಡ್ಡಿಯೂ ಬದಲಾಗಬೇಕು, ಏರಿಕೆಗೂ ಇಳಿಕೆಗೂ ಇದೇ ನಿಯಮ. ಗೃಹಸಾಲ ಕಂಪನಿಗಳಿಗೆ, ಅಂದರೆ ಹೌಸಿಂಗ್ ಫೈನಾನ್ಸ್ ಸಂಸ್ಥೆಗಳಿಗೆ, ಈ ಕಟ್ಟುಪಾಡು ಇಲ್ಲ. ಅವು ತಾವೇ ನಿಗದಿಪಡಿಸುವ ಮೂಲ ದರಕ್ಕೆ ಸಾಲವನ್ನು ಜೋಡಿಸುತ್ತವೆ. ರೆಪೊ ಇಳಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತನ್ನ ಕಂತೂ ಇಳಿಯುತ್ತದೆಂದು ಕಾದು ಕೂತವರಿಗೆ ನಿರಾಸೆಯಾಗುವುದು ಇಲ್ಲಿಯೇ. ಅಂಥ ಸಂಸ್ಥೆಯಿಂದ ಸಾಲ ಪಡೆಯುವುದಾದರೆ ಕಳೆದ ಎರಡು ವರ್ಷದಲ್ಲಿ ಅದರ ಮೂಲ ದರ ಎಷ್ಟು ಸಲ, ಎಷ್ಟೆಷ್ಟು ಬದಲಾಗಿದೆ ಎಂದು ಕೇಳಿ, ರೆಪೊ ದರದ ಜೊತೆ ಹೋಲಿಸಿ ನೋಡಿ.

ಇದೆಲ್ಲ ಸಿಗುವ ಕಾಗದ ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್‌ನಿಂದ ಪ್ರತಿ ಗೃಹಸಾಲಕ್ಕೂ ಇದನ್ನು ಕೊಡುವುದು ಕಡ್ಡಾಯ. ಬಡ್ಡಿ ಸ್ಥಿರವೋ, ಬದಲಾಗುವುದೋ, ಎರಡೂ ಬೆರೆತದ್ದೋ, ಮಾನದಂಡ ಯಾವುದು, ಸ್ಪ್ರೆಡ್ ಎಷ್ಟು, ಎಷ್ಟು ತಿಂಗಳಿಗೊಮ್ಮೆ ಮರುನಿಗದಿ ಎಂಬುದೆಲ್ಲ ಒಂದೇ ಕೋಷ್ಟಕದಲ್ಲಿ ಇರುತ್ತದೆ. ಮಾನದಂಡ ಶೇ 0.25 ಬದಲಾದರೆ ಕಂತು ಎಷ್ಟು ಬದಲಾಗುತ್ತದೆ, ಕಂತುಗಳ ಸಂಖ್ಯೆ ಎಷ್ಟು ಬದಲಾಗುತ್ತದೆ ಎಂಬುದನ್ನೂ ಅಲ್ಲೇ ಬರೆದಿರಬೇಕು. ಅವಧಿಗೆ ಮುನ್ನ ಸಾಲ ತೀರಿಸಿದರೆ ಎಷ್ಟು ಶುಲ್ಕ, ಒಂದು ಬಗೆಯ ಬಡ್ಡಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಲು ಎಷ್ಟು ಎಂಬುದೂ ಇರುತ್ತದೆ. ಕೆಎಫ್‌ಎಸ್ ಕೈಗೆ ಬಂದ ಮೇಲೆ ಕನಿಷ್ಠ ಮೂರು ಕೆಲಸದ ದಿನಗಳ ಕಾಲ ಆ ಷರತ್ತುಗಳು ಊರ್ಜಿತವಾಗಿರುತ್ತವೆ. ಹಾಗಾಗಿ "ಇವತ್ತೇ ಸಹಿ ಹಾಕಿ" ಎಂಬ ಅವಸರಕ್ಕೆ ಮಣಿಯಬೇಕಾಗಿಲ್ಲ, ಮನೆಗೆ ತಂದು ನಿಧಾನವಾಗಿ ಓದಿ.

ಎರಡನೆಯ ಹೆಜ್ಜೆ: ಸ್ಥಿರ ಬಡ್ಡಿಯ ಕಂತನ್ನು ಬದಲಾಗುವ ಬಡ್ಡಿಯ ಸಾಲಕ್ಕೆ ಕಟ್ಟಿ ನೋಡಿ

ಶೇ 7.75ಕ್ಕೆ 40 ಲಕ್ಷದ ಕಂತು ತಿಂಗಳಿಗೆ 32,838 ರೂಪಾಯಿ. ಶೇ 9.25ಕ್ಕೆ 36,635. ವ್ಯತ್ಯಾಸ 3,797 ರೂಪಾಯಿ. ಸಾಮಾನ್ಯವಾಗಿ ಜನ ಇಷ್ಟಕ್ಕೇ ಲೆಕ್ಕ ನಿಲ್ಲಿಸಿ, ಕಡಿಮೆ ಕಂತಿನ ಸಾಲ ತೆಗೆದುಕೊಂಡು, ಉಳಿದ ಹಣವನ್ನು ಮನೆಖರ್ಚಿಗೆ ಸೇರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಎರಡು ಸಾಲಗಳನ್ನು ಹೋಲಿಸಿದಂತೆಯೇ ಆಗಲಿಲ್ಲ. ಹೋಲಿಕೆ ನ್ಯಾಯವಾಗಬೇಕಾದರೆ ಎರಡಕ್ಕೂ ಜೇಬಿನಿಂದ ಹೋಗುವ ಹಣ ಒಂದೇ ಆಗಿರಬೇಕು. ಆದ್ದರಿಂದ ಬದಲಾಗುವ ಬಡ್ಡಿಯ ಸಾಲ ತೆಗೆದುಕೊಂಡು, ಅದಕ್ಕೂ ಪ್ರತಿ ತಿಂಗಳು 36,635 ಕಟ್ಟುತ್ತೇವೆ ಎಂದಿಟ್ಟುಕೊಳ್ಳೋಣ. ಹೆಚ್ಚುವರಿ 3,797 ನೇರವಾಗಿ ಅಸಲಿಗೆ ಹೋಗುತ್ತದೆ. ಸಾಲ ಯಾವಾಗ ತೀರುತ್ತದೆ ಎಂಬುದೇ ಈಗ ಅಳತೆಗೋಲು. ಸ್ಥಿರ ಬಡ್ಡಿಯ ಸಾಲ ತೀರಲು 240 ಕಂತು ಬೇಕು. ಬದಲಾಗುವ ಬಡ್ಡಿಯದು 240ಕ್ಕಿಂತ ಮೊದಲು ತೀರಿದರೆ ಅದು ಗೆದ್ದಂತೆ, ದಾಟಿದರೆ ಸೋತಂತೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಮೂರು ಸೂತ್ರ ಸಾಕು. ಮೊದಲನೆಯದು ಕಂತನ್ನು ಕೊಡುತ್ತದೆ, ಎರಡನೆಯದು ಹನ್ನೆರಡು ಕಂತು ಕಟ್ಟಿದ ಮೇಲೆ ಉಳಿಯುವ ಅಸಲನ್ನು, ಮೂರನೆಯದು ಸಾಲ ತೀರಲು ಬೇಕಾಗುವ ಕಂತುಗಳ ಸಂಖ್ಯೆಯನ್ನು.

```
=PMT(7.75%/12, 240, -4000000)
=FV(7.75%/12, 12, 36635, -4000000)
=NPER(7.75%/12, -36635, 4000000)
```

ಬಡ್ಡಿ ಎಂದೂ ಬದಲಾಗದಿದ್ದರೆ ಮೂರನೆಯ ಸೂತ್ರ 189.7 ಎಂದು ತೋರಿಸುತ್ತದೆ. ಅಂದರೆ 190 ಕಂತಿಗೆ, ಹದಿನಾರು ವರ್ಷ ತುಂಬುವ ಮೊದಲೇ ಸಾಲ ಮುಗಿಯುತ್ತದೆ. ಸ್ಥಿರ ಬಡ್ಡಿಗೆ ಹೋಲಿಸಿದರೆ 50 ಕಂತಿನ ಉಳಿತಾಯ. ಆದರೆ ಬಡ್ಡಿ ಹಾಗೆಯೇ ನಿಂತಿರುತ್ತದೆ ಎಂದು ನಂಬಿ ಕೂರುವಂತಿಲ್ಲ. ಕೆಟ್ಟ ಕಾಲ ಬಂದರೆ ಏನಾಗುತ್ತದೆಂದು ನೋಡಬೇಕು. ಎಷ್ಟು ಕೆಟ್ಟದ್ದೆಂಬ ಅಳತೆಗೆ 2022-23ರ ಏರಿಕೆಯನ್ನೇ ಇಟ್ಟುಕೊಳ್ಳೋಣ. ಆಗ ರೆಪೊ ಒಟ್ಟು 2.5 ಅಂಶ ಏರಿತ್ತು. ನಮ್ಮ ಸಾಲಕ್ಕೆ ಅದು ಶೇ 10.25 ಆಗುತ್ತದೆ. ಸ್ಥಿರ ಬಡ್ಡಿಗಿಂತ ಪೂರ್ತಿ ಒಂದು ಅಂಶ ಹೆಚ್ಚು.

ಸಾಲ ಪಡೆದು ಐದು ವರ್ಷವಾದ ಮೇಲೆ ಹೀಗೆ ಏರಿತು, ಮತ್ತೆಂದೂ ಇಳಿಯಲೇ ಇಲ್ಲ ಎಂದುಕೊಳ್ಳಿ. ಅಷ್ಟರಲ್ಲಿ ಅಸಲು ಸುಮಾರು 32 ಲಕ್ಷದ 11 ಸಾವಿರಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ 10.25ರಂತೆ ಕಟ್ಟಿದರೂ ಒಟ್ಟು 223 ಕಂತಿಗೆ ಸಾಲ ಮುಗಿಯುತ್ತದೆ. ಸ್ಥಿರ ಬಡ್ಡಿಗಿಂತ ಇನ್ನೂ 17 ಕಂತು ಮುಂಚೆ! ಬಡ್ಡಿ ಹದಿನೈದು ವರ್ಷ ಉದ್ದಕ್ಕೂ ದುಬಾರಿಯಾಗಿದ್ದರೂ ಬದಲಾಗುವ ಬಡ್ಡಿಯೇ ಗೆಲ್ಲುವುದನ್ನು ಪರದೆಯ ಮೇಲೆ ಕಂಡಾಗ ಅವಳು ಸೂತ್ರ ತಪ್ಪಿರಬೇಕೆಂದು ಇನ್ನೊಮ್ಮೆ ಬರೆದು ನೋಡಿದಳು. ತಪ್ಪಿರಲಿಲ್ಲ. ಅಗ್ಗದ ವರ್ಷಗಳಲ್ಲಿ ಅಸಲಿಗೆ ಹೋದ ಹಣ ಬೇರೂರಿ ನಿಂತಿರುತ್ತದೆ, ನಂತರದ ಹೆಚ್ಚಿನ ಬಡ್ಡಿ ಬೀಳುವುದು ಉಳಿದ ಸಣ್ಣ ಮೊತ್ತದ ಮೇಲೆ ಮಾತ್ರ.

ಅದೇ ಏರಿಕೆ ಮೂರನೆಯ ವರ್ಷದ ಕೊನೆಗೆ ಬಂದರೆ 245 ಕಂತು. ಸ್ವಲ್ಪದರಲ್ಲಿ ಸೋಲು. ಮೊದಲ ವರ್ಷ ಮುಗಿದ ಕೂಡಲೇ ಬಂದು ಕೊನೆಯವರೆಗೂ ನಿಂತರೆ 285 ಕಂತು, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುವರಿಯಾಗಿ ಕಟ್ಟಬೇಕು. ಇಲ್ಲಿ ಸ್ಥಿರ ಬಡ್ಡಿ ನಿಸ್ಸಂದೇಹವಾಗಿ ಲಾಭ.

ಆದರೆ ಏರಿದ ಬಡ್ಡಿ ಹತ್ತೊಂಬತ್ತು ವರ್ಷ ಇಳಿಯದೆ ನಿಂತ ಉದಾಹರಣೆ ನಮ್ಮ ರೆಪೊ ಚರಿತ್ರೆಯಲ್ಲಿ ಇಲ್ಲ. ಆದ್ದರಿಂದ ಇನ್ನೊಂದು ಲೆಕ್ಕ ಮಾಡಿದೆವು: ಮೊದಲ ವರ್ಷ ಮುಗಿದ ಕೂಡಲೇ 10.25 ಆಗಿ, ಮೂರು ವರ್ಷ ಅಲ್ಲೇ ನಿಂತು, ಆಮೇಲೆ ಏರಿದ್ದರ ಅರ್ಧದಷ್ಟು ಇಳಿದು ಶೇ 9ರಲ್ಲಿ ಕೊನೆಯವರೆಗೂ ಉಳಿದರೆ? ಉತ್ತರ 240 ಕಂತು. ಸ್ಥಿರ ಬಡ್ಡಿಗೆ ಸರಿಸಮ. 2022ರಿಂದ 2025ರವರೆಗೆ ನಡೆದದ್ದು ಹೆಚ್ಚುಕಡಿಮೆ ಇದೇ: 2.5 ಏರಿ, ಅದರಲ್ಲಿ ಅರ್ಧ ಇಳಿಯಿತು. ಅಂದರೆ ಸಾಲದ ಎರಡನೆಯ ವರ್ಷಕ್ಕೇ ಅಂಥ ಏರಿಕೆ ಅಪ್ಪಳಿಸಿದರೂ, ಸ್ಥಿರ ಬಡ್ಡಿಯ ಕಂತನ್ನೇ ಕಟ್ಟುತ್ತಾ ಬಂದವರಿಗೆ ನಷ್ಟವಾಗುವುದಿಲ್ಲ. ಅದಕ್ಕಿಂತ ತಡವಾಗಿ ಬಂದರೆ ಲಾಭವೇ.

ಈ ಫಲಿತಾಂಶಗಳೆಲ್ಲ ಒಂದೂವರೆ ಅಂಶದ ಅಂತರಕ್ಕೆ ಸಂಬಂಧಿಸಿದವು. ಅಂತರ ಕಿರಿದಾದಂತೆ ಹೆಚ್ಚುವರಿಯಾಗಿ ಅಸಲಿಗೆ ಹೋಗುವ ಹಣ ಕರಗುತ್ತದೆ, ತಕ್ಕಡಿ ಸ್ಥಿರ ಬಡ್ಡಿಯ ಕಡೆಗೆ ವಾಲುತ್ತದೆ. ನಿಮ್ಮ ಮುಂದಿರುವ ಎರಡು ದರಗಳನ್ನು ಹಾಕಿ ನೀವೇ ಲೆಕ್ಕ ಮಾಡಬೇಕು, ನನ್ನ ಅಂಕಿಗಳನ್ನು ಎರವಲು ಪಡೆಯಬಾರದು. ಸ್ಥಿರ ಬಡ್ಡಿ ಯಾಕೆ ದುಬಾರಿ ಎಂದು ಕೆಲವರು ಕೋಪಿಸಿಕೊಳ್ಳುತ್ತಾರೆ. ಬ್ಯಾಂಕು ನಿಮಗೆ ಕೊಡುವ ಹಣ ಠೇವಣಿದಾರರದು, ಆ ಠೇವಣಿಗಳ ಅವಧಿ ಒಂದೆರಡು ವರ್ಷವೋ ಐದು ವರ್ಷವೋ ಇರುತ್ತದೆ. ಇಪ್ಪತ್ತು ವರ್ಷ ಒಂದೇ ದರಕ್ಕೆ ಸಾಲ ಕೊಟ್ಟರೆ ನಡುವೆ ಠೇವಣಿಯ ಬಡ್ಡಿ ಏರುವ ಅಪಾಯ ಬ್ಯಾಂಕಿನ ತಲೆಯ ಮೇಲೆ ಬರುತ್ತದೆ. ಆ ಅಪಾಯದ ಬೆಲೆಯೇ ಈ ಒಂದೂವರೆ ಅಂಶ.

ಮೂರನೆಯ ಹೆಜ್ಜೆ: ತಾಳಿಕೆಯ ಪರೀಕ್ಷೆ

ಎರಡನೆಯ ಹೆಜ್ಜೆಯ ಲೆಕ್ಕ ಎಷ್ಟೇ ಚೆನ್ನಾಗಿ ಬಂದರೂ ಅದು ನಿಂತಿರುವುದು ಒಂದೇ ಕಂಬದ ಮೇಲೆ: ಪ್ರತಿ ತಿಂಗಳು 36,635 ಕಟ್ಟುವ ಶಕ್ತಿ ಇರಬೇಕು. ನಾನು ಕಂಡ ಅತಿ ದೊಡ್ಡ ತಪ್ಪು ಇರುವುದು ಇಲ್ಲಿ. ಸ್ಥಿರ ಬಡ್ಡಿಯ ಕಂತು ಕೈಗೆಟುಕುವುದಿಲ್ಲ ಎಂಬ ಕಾರಣಕ್ಕೇ ಅನೇಕರು ಬದಲಾಗುವ ಬಡ್ಡಿಗೆ ಹೋಗುತ್ತಾರೆ. ಆದರೆ ಬಡ್ಡಿ ಏರಿದಾಗ ಮೊದಲು ಸಿಕ್ಕಿಬೀಳುವವರೇ ಅವರು.

ಅದು ಹೇಗೆಂದು ಹತ್ತಿರದಿಂದ ನೋಡೋಣ. 32,838ರ ಕಂತನ್ನೇ ಒಂದು ವರ್ಷ ಕಟ್ಟಿದರೆ 40 ಲಕ್ಷದ ಅಸಲು 39 ಲಕ್ಷದ 13 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಕಟ್ಟಿಯೂ ಅಸಲಿಗೆ ಸೇರಿದ್ದು 87 ಸಾವಿರ ಮಾತ್ರ. ಆಗ ಬಡ್ಡಿ ಒಂದೇ ಒಂದು ಅಂಶ ಏರಿ 8.75 ಆಯಿತೆನ್ನಿ. ಕಂತು ಹಾಗೇ ಇಟ್ಟು ಅವಧಿಯನ್ನು ಹಿಗ್ಗಿಸಿದರೆ ಉಳಿದ 228 ಕಂತುಗಳು 280 ಆಗುತ್ತವೆ. ಬ್ಯಾಂಕ್ ಖಾತೆಯಿಂದ ಹೋಗುವ ಮೊತ್ತ ಬದಲಾಗದೇ ಇರುವುದರಿಂದ ನಾಲ್ಕು ವರ್ಷ ನಾಲ್ಕು ತಿಂಗಳು ಹೆಚ್ಚಾದದ್ದು ಮನೆಯವರ ಗಮನಕ್ಕೇ ಬರುವುದಿಲ್ಲ. ಎರಡೂವರೆ ಅಂಶ ಏರಿದರೆ ಇನ್ನೂ ಕಷ್ಟ: ತಿಂಗಳ ಬಡ್ಡಿಯೊಂದೇ 33,423 ರೂಪಾಯಿ, ಕಂತು 32,838. ಕಟ್ಟಿದ ಮೇಲೂ ಸಾಲ ಬೆಳೆಯುತ್ತದೆ. ಹೀಗೆ ಆಗಲು ಬಿಡಬಾರದೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆದೇಶಿಸಿದೆ, ಆದ್ದರಿಂದ ಬ್ಯಾಂಕು ಕಂತನ್ನು ಏರಿಸಲೇಬೇಕಾಗುತ್ತದೆ. ಉಳಿದ 228 ತಿಂಗಳಲ್ಲೇ ಮುಗಿಸಬೇಕೆಂದರೆ ಕಂತು 39,037 ಆಗುತ್ತದೆ.

ತಾಳಿಕೆಯ ಪರೀಕ್ಷೆಗೆ ಈ 39,037ನ್ನೇ ಬಳಸಿ. ಅವಳ ಕೈಗೆ ಬರುವ ಸಂಬಳ 62,000, ಗಂಡನದು 38,000. ಮನೆಖರ್ಚು, ಮಗುವಿನ ಶಾಲೆ, ವಿಮೆ ಎಲ್ಲ ಸೇರಿ 45,000 ಬೇಕು. ಉಳಿಯುವುದು 55,000. ಅದರಲ್ಲಿ 36,635 ಸಲೀಸು, 39,037 ಕೂಡ ಸಾಧ್ಯ. ಆದರೆ ಗಂಡನ ಕೆಲಸ ಒಂದಷ್ಟು ತಿಂಗಳು ಇಲ್ಲವಾದರೆ? 62,000ದಲ್ಲಿ ಮನೆಖರ್ಚು ತೆಗೆದರೆ ಉಳಿಯುವುದು 17,000, ಕಂತಿಗೆ ಸಾಲದು. ಹಾಗಾಗಿ ಫ್ಲ್ಯಾಟಿನ ಒಳಾಂಗಣಕ್ಕೆ ಎತ್ತಿಟ್ಟಿದ್ದ ಹಣದಲ್ಲಿ ಆರು ಕಂತಿನಷ್ಟನ್ನು, ಸುಮಾರು ಎರಡು ಲಕ್ಷದ ನಲವತ್ತು ಸಾವಿರವನ್ನು, ಮುಟ್ಟದ ಠೇವಣಿಯಾಗಿ ಇಡಲು ಹೇಳಿದೆ. ಅಡುಗೆಮನೆಯ ಕಪಾಟು ಒಂದು ವರ್ಷ ತಡವಾಗಿ ಬಂದರೆ ಏನೂ ಆಗುವುದಿಲ್ಲ.

ಸ್ಥಿರ ಬಡ್ಡಿ ಸರಿ ಎನಿಸುವುದು ಯಾರಿಗೆ

ತುಮಕೂರಿನಲ್ಲಿರುವ ನನ್ನ ಸೋದರತ್ತೆಯ ಮಗನಿಗೆ ನಾನು ಹೇಳಿದ್ದು ಬೇರೆ. ಅವನದು ಒಬ್ಬನ ಸಂಪಾದನೆ, ಜೊತೆಗೆ ವಯಸ್ಸಾದ ತಾಯಿಯ ಔಷಧಿ ಖರ್ಚು. 25 ಲಕ್ಷದ ಸಾಲಕ್ಕೆ ಶೇ 7.75ರ ಬದಲಾಗುವ ಬಡ್ಡಿಯಲ್ಲಿ ಕಂತು 20,524. ಅವನು ಎಳೆದಾಡಿ 22,000 ಕಟ್ಟಬಲ್ಲ, ಅದರಾಚೆ ದಾರಿಯಿಲ್ಲ. ಮೊದಲ ವರ್ಷದ ಕೊನೆಗೆ ಎರಡೂವರೆ ಅಂಶ ಏರಿದರೆ, ಅವಧಿ ಹಿಗ್ಗಿಸದೆ ಮುಗಿಸಲು ಅವನ ಕಂತು 24,400ರ ಹತ್ತಿರ ಹೋಗುತ್ತದೆ. ಐದು ವರ್ಷ ಸ್ಥಿರವಾಗಿದ್ದು ಆಮೇಲೆ ಬದಲಾಗುವ ಸಾಲ ಅವನಿಗೆ ಶೇ 8.15ಕ್ಕೆ ಸಿಗುತ್ತಿತ್ತು. ಅದರ ಕಂತು 21,145. ತಿಂಗಳಿಗೆ 621 ರೂಪಾಯಿ ಹೆಚ್ಚು, ಐದು ವರ್ಷಕ್ಕೆ 37 ಸಾವಿರದಷ್ಟು. ಅಸಲು ಅತಿ ಹೆಚ್ಚಿರುವ ಮೊದಲ ಐದು ವರ್ಷ ಕಂತು ಅಲುಗಾಡುವುದಿಲ್ಲ ಎಂಬ ಭರವಸೆಗೆ ಇದು ನ್ಯಾಯವಾದ ಬೆಲೆ. ಐದು ವರ್ಷದಲ್ಲಿ ಅವನ ಸಂಬಳವೂ ಏರಿರುತ್ತದೆ, ಆಗ ಬದಲಾಗುವ ಬಡ್ಡಿಯನ್ನು ತಾಳಿಕೊಳ್ಳಬಲ್ಲ. ಹಿಂದಿನ ಹೆಜ್ಜೆಯಲ್ಲಿ ಕಂಡಂತೆ, ಏರಿಕೆ ನೋಯಿಸುವುದು ಮೊದಲ ಮೂರು ನಾಲ್ಕು ವರ್ಷಗಳಲ್ಲಿಯೇ. ಆದ್ದರಿಂದ ಇಪ್ಪತ್ತು ವರ್ಷದ ರಕ್ಷಣೆಗೆ ಒಂದೂವರೆ ಅಂಶ ತೆರುವುದಕ್ಕಿಂತ, ಮೊದಲ ಐದು ವರ್ಷದ ರಕ್ಷಣೆಗೆ ಅರ್ಧ ಅಂಶದೊಳಗೆ ತೆರುವುದು ಬಹುಮಟ್ಟಿಗೆ ಜಾಣತನ.

ಇಂಥ ಬೆರೆತ ಸಾಲದಲ್ಲಿ ಒಂದು ಕಡೆ ಎಚ್ಚರ ಬೇಕು. ಐದು ವರ್ಷದ ನಂತರ ಯಾವ ಮಾನದಂಡ, ಎಷ್ಟು ಸ್ಪ್ರೆಡ್ ಎಂಬುದನ್ನು ಇಂದೇ ಕರಾರಿನಲ್ಲಿ ಬರೆಸಿಕೊಳ್ಳಿ. "ಆಗಿನ ಚಾಲ್ತಿ ದರ" ಎಂದಷ್ಟೇ ಇದ್ದರೆ, ಹೊಸ ಗ್ರಾಹಕರಿಗೆ ಕೊಡುವುದಕ್ಕಿಂತ ಹೆಚ್ಚಿನ ಸ್ಪ್ರೆಡ್ ನಿಮ್ಮ ಮೇಲೆ ಬೀಳಬಹುದು.

ಸಾಲದಿಂದ ಹೊರಬರುವ ದಾರಿಯನ್ನೂ ನೋಡಿಕೊಳ್ಳಬೇಕು. ವ್ಯಕ್ತಿಯೊಬ್ಬರು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂಬ ನಿಯಮ 2012ರಿಂದ ಇದೆ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಬೆರೆತ ಸಾಲವಾದರೆ, ತೀರಿಸುವ ದಿನ ಅದು ಬದಲಾಗುವ ಬಡ್ಡಿಯಲ್ಲಿದ್ದರೆ ಶುಲ್ಕವಿಲ್ಲ. ಸ್ಥಿರ ಬಡ್ಡಿಯ ಹಂತದಲ್ಲಿದ್ದರೆ ಶುಲ್ಕ ಇರಬಹುದು, ಎಷ್ಟೆಂಬುದನ್ನು ಕೆಎಫ್‌ಎಸ್‌ನಲ್ಲಿ ನೋಡಿ. ಊರಿನ ನಿವೇಶನ ಮಾರಿ ಮೂರು ವರ್ಷದಲ್ಲಿ ಸಾಲ ತೀರಿಸುವ ಯೋಚನೆ ಇರುವವರಿಗೆ ಈ ಒಂದು ಕಾರಣಕ್ಕೇ ಬದಲಾಗುವ ಬಡ್ಡಿ ಮೇಲು. "ಬೇಕಾದಾಗ ಫಿಕ್ಸೆಡ್‌ಗೆ ಬದಲಾಯಿಸಿಕೊಳ್ಳಬಹುದು" ಎಂಬ ಭರವಸೆಯನ್ನೂ ಪೂರ್ತಿ ನಂಬಬೇಡಿ. ದರ ಮರುನಿಗದಿಯ ವೇಳೆ ಆ ಅವಕಾಶ ಕೊಡಬೇಕೆಂದು 2023ರಲ್ಲಿ ಹೇಳಲಾಗಿತ್ತು, 2025ರ ಅಕ್ಟೋಬರ್‌ನಿಂದ ಅದನ್ನು ಕೊಡುವುದೂ ಬಿಡುವುದೂ ಬ್ಯಾಂಕಿನ ಇಚ್ಛೆ. ಕೊಟ್ಟರೂ ಬಡ್ಡಿ ಏರಿದ ಮೇಲಿನ ದರಕ್ಕೇ ಕೊಡುತ್ತಾರೆ.

ಕೊನೆಯ ಹೆಜ್ಜೆ: ಸಹಿ ಹಾಕಿದ ಮೇಲಿನ ಕೆಲಸ

ಬದಲಾಗುವ ಬಡ್ಡಿ ಆರಿಸಿದವರು ಹೆಚ್ಚುವರಿ ಹಣ ಕಟ್ಟುವ ಏರ್ಪಾಡನ್ನು ಮೊದಲ ಕಂತಿನ ಜೊತೆಗೇ ಮಾಡಿಕೊಳ್ಳಬೇಕು. ಇಲ್ಲವಾದರೆ ಆ 3,797 ರೂಪಾಯಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಕರಾರಿನ ಅವಧಿ ಮಾತ್ರ 240 ತಿಂಗಳೇ ಇರಲಿ. ಮೊದಲೇ 190 ತಿಂಗಳಿಗೆ ಇಳಿಸಿಕೊಂಡರೆ 36,635 ಕಟ್ಟುವುದು ಕಡ್ಡಾಯವಾಗುತ್ತದೆ, ಆಸ್ಪತ್ರೆಯ ಖರ್ಚು ಬಂದ ತಿಂಗಳೂ ಬಿಡುಗಡೆ ಇರುವುದಿಲ್ಲ. ಸ್ವಂತ ಇಚ್ಛೆಯಿಂದ ಹೆಚ್ಚು ಕಟ್ಟುತ್ತಿದ್ದರೆ ಕಷ್ಟದ ತಿಂಗಳು 32,838ಕ್ಕೆ ಇಳಿಯಬಹುದು. ಭಾಗಶಃ ಪಾವತಿಗೆ ಕನಿಷ್ಠ ಮೊತ್ತದ ಮಿತಿ ಇದ್ದರೆ ಮೂರು ತಿಂಗಳದ್ದು ಕೂಡಿಸಿ ಕಟ್ಟಿ. ಕಟ್ಟುವಾಗ "ಅವಧಿ ಕಡಿಮೆ ಮಾಡಿ, ಕಂತು ಬೇಡ" ಎಂದು ಲಿಖಿತವಾಗಿ ತಿಳಿಸಿ. ಕಂತು ಇಳಿಸಿಬಿಟ್ಟರೆ ಮೇಲೆ ಮಾಡಿದ ಲೆಕ್ಕವೆಲ್ಲ ಕೆಡುತ್ತದೆ.

ಮೂರು ತಿಂಗಳಿಗೊಮ್ಮೆ ಬ್ಯಾಂಕು ಕೊಡಬೇಕಾದ ವಿವರಪಟ್ಟಿಯಲ್ಲಿ ಈವರೆಗೆ ಸಂದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳು, ವಾರ್ಷಿಕ ದರ ಇರುತ್ತವೆ. ನೋಡಬೇಕಾದದ್ದು ಉಳಿದ ಕಂತುಗಳ ಸಂಖ್ಯೆಯನ್ನು. ಮೂರು ತಿಂಗಳು ಕಳೆದರೂ ಅದು ಮೂರರಷ್ಟೂ ಇಳಿದಿಲ್ಲವೆಂದರೆ ಬಡ್ಡಿ ಏರಿ ಅವಧಿ ಹಿಗ್ಗಿದೆ ಎಂದರ್ಥ. ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂದು ಆರಿಸುವ ಹಕ್ಕು ನಿಮ್ಮದು. ಸುಮ್ಮನಿದ್ದರೆ ಅವಧಿ ಬೆಳೆಯುತ್ತಾ ಹೋಗುವುದೇ ಹೆಚ್ಚು.

ವರ್ಷಕ್ಕೊಮ್ಮೆ ನಿಮ್ಮ ಬ್ಯಾಂಕು ಹೊಸ ಸಾಲಗಾರರಿಗೆ ಯಾವ ದರ ಕೊಡುತ್ತಿದೆ ಎಂದು ಅದರ ಜಾಲತಾಣದಲ್ಲಿ ನೋಡಿ. ರೆಪೊ ಎಲ್ಲರಿಗೂ ಒಂದೇ. ಹೊಸಬರ ದರ ನಿಮ್ಮದಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಇರುವುದು ಸ್ಪ್ರೆಡ್‌ನಲ್ಲಿ. ಮೊದಲು ಸ್ಪ್ರೆಡ್‌ನ ಕೆಲವು ಭಾಗಗಳನ್ನು ಮೂರು ವರ್ಷ ಮುಟ್ಟುವಂತಿರಲಿಲ್ಲ. 2025ರ ಅಕ್ಟೋಬರ್‌ನಿಂದ ಗ್ರಾಹಕರಿಗೆ ಅನುಕೂಲವಾಗುವಂತೆ ಅದಕ್ಕೂ ಮುಂಚೆ ಇಳಿಸಲು ಬ್ಯಾಂಕುಗಳಿಗೆ ಅವಕಾಶವಿದೆ. ಅರ್ಜಿ ಕೊಟ್ಟು ಕೇಳಿ, ಇಳಿಸಲು ಶುಲ್ಕ ಎಷ್ಟೆಂದೂ ಕೇಳಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು ಇನ್ನೊಂದು ದಾರಿ. ಆದರೆ ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಮನೆಯ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟ ದಾಖಲೆಯಾದ ಎಂಒಡಿಗೆ ಮತ್ತೆ ಮುದ್ರಾಂಕ ಶುಲ್ಕ ಇವನ್ನೆಲ್ಲ ಕೂಡಿಸಿಯೇ ಉಳಿತಾಯವನ್ನು ಅಳೆಯಬೇಕು.

ಅಣ್ಣನ ಮಗಳು ಬದಲಾಗುವ ಬಡ್ಡಿಯನ್ನೇ ಆರಿಸಿಕೊಂಡಳು. ಪ್ರತಿ ತಿಂಗಳು 5ರಂದು ಕಂತು ಹೋಗುತ್ತದೆ, 7ರಂದು 3,797 ರೂಪಾಯಿ ಬೇರೊಂದು ಖಾತೆಗೆ ತಾನಾಗಿ ಸೇರುತ್ತದೆ, ಮೂರು ತಿಂಗಳಿಗೊಮ್ಮೆ 11,391 ರೂಪಾಯಿ ಅಸಲಿಗೆ. ಮೊದಲ ವಿವರಪಟ್ಟಿ ಬಂದ ಸಂಜೆ ಅವಳು ಕರೆ ಮಾಡಿ, ಉಳಿದ ಕಂತುಗಳ ಸಂಖ್ಯೆಯನ್ನು ಓದಿ ಹೇಳಿದಳು. ಮೂರು ಕಂತು ಕಟ್ಟಿದ್ದಳು, ಸಂಖ್ಯೆ ಮೂರಕ್ಕಿಂತ ಹೆಚ್ಚು ಇಳಿದಿತ್ತು.